ಮೌಸ್ ಕೈ ಕೊಟ್ಟಾಗ ನಂಬರ್ ಪ್ಯಾಡ್‌ನಿಂದ ಪಾಯಿಂಟರ್ ನಡಸೋದು ಹ್ಯಾಂಗ: ಸಮಗ್ರ ಮಾರ್ಗದರ್ಶಿ

ಹಾವೇರ್ಯಾಗ ನಾನು ಕುಂದ್ರೋ ಆನ್‌ಲೈನ್ ಸೆಂಟರ್‌ನಾಗ ಒಂದಿನ ರಾತ್ರಿ ಎಂಟೂವರಿ ಆಗಿತ್ತು. ಹಾನಗಲ್ ಕಡೆಯಿಂದ ಒಬ್ರು ಕಾಕಾ ಮಗಳನ್ನ ಕರ್ಕೊಂಡು ಬಂದಿದ್ರು, ಸ್ಕಾಲರ್‌ಶಿಪ್ ಫಾರ್ಮ್ ತುಂಬಾಕ ಅವತ್ತೇ ಕಡೀ ದಿನ, ಅವರ ಬಸ್ಸು ಒಂಬತ್ತೂವರಿಗೆ. ಹೆಸರು, ಮಾರ್ಕ್ಸು, ಬ್ಯಾಂಕ್ ಖಾತೆ ಎಲ್ಲಾ ಹಾಕಿ ಆಗಿತ್ತು, ಫೋಟೋ, ಸಹಿ ಹಾಕೋದಷ್ಟ ಉಳದಿತ್ತು, ಅಷ್ಟ್ರಾಗ ಮೌಸ್ ನಿಂತ್ತು. ವೈರು ಮೌಸಿನ ಕುತ್ತಿಗಿ ಹಂತ್ಯಾಕ ಒಳಗ ತುಂಡಾಗಿತ್ತು, ಕೆಳಗಿನ ಕೆಂಪು ಲೈಟು ಒಂದ್ಸಲ ಮಿಣಕ್ ಅಂದು ಆರಿ ಹೋತು. ಅಂಗಡಿ ಎಲ್ಲಾ ಬಾಗ್ಲಾ ಹಾಕಿದ್ವು. ಅವತ್ತು ಆ ಫಾರ್ಮ್ ಕೀಬೋರ್ಡಿನ ಬಲಗಡೆ ಇರೋ ನಂಬರ್ ಪ್ಯಾಡಿನಿಂದನ ಮುಗಿಸಿದ್ವಿ, ಕಾಕಾಗ ಬಸ್ಸೂ ಸಿಕ್ತು. ಅದನ್ನ ಹ್ಯಾಂಗ ಮಾಡೋದು ಅಂತ ಇಲ್ಲಿ ಪೂರ್ತಿ ಹೇಳ್ತೀನಿ, ವಿಂಡೋಸ್ 10 ಮತ್ತ 11 ಇಟ್ಕೊಂಡು ಹೇಳ್ತೀನಿ ಯಾಕಂದ್ರ ನಮ್ಮ ಕಡೆ ಸೆಂಟರ್, ಆಫೀಸು, ಡಿಟಿಪಿ ಅಂಗಡಿ ಎಲ್ಲಾ ಕಡೆ ಅದೇ ಇರ್ತೈತಿ.

ಮೊದ್ಲ ಮೌಸ್ ಖರೇನ ಸತ್ತೈತೇನು ನೋಡ್ರಿ

ಇದಕ್ಕ ಒಂದು ನಿಮಿಷ ಸಾಕು. ಮೌಸ್ ಮಗುಚಿ ಕೆಳಗಿನ ಲೈಟ್ ನೋಡ್ರಿ. ಲೈಟ್ ಇಲ್ಲಂದ್ರ ಯುಎಸ್‌ಬಿ ಕಿತ್ತು ಬ್ಯಾರೆ ಪೋರ್ಟಿಗೆ ಹಚ್ರಿ, ಸಿಪಿಯು ಹಿಂದಗಡೆ ಪೋರ್ಟು ಮುಂದಿನದಕ್ಕಿಂತ ಗಟ್ಟಿ. ವೈರ್ಲೆಸ್ ಇದ್ರ ಸೆಲ್ ಬದಲಿ ಮಾಡ್ರಿ. ಕೆಲವು ಮೌಸಿಗೆ ಲೈಟು ಕಣ್ಣಿಗೆ ಕಾಣಂಗಿಲ್ಲ, ಅಂಥದ್ದನ್ನ ಲೈಟ್ ನೋಡಿ ಸತ್ತೈತಿ ಅನ್ಬ್ಯಾಡ್ರಿ, ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ನೋಡ್ರಿ. ಕೀಬೋರ್ಡ್ ನಡ್ಯಾಕತ್ತೈತೋ ಇಲ್ಲೋ ಅನ್ನೋದನ್ನೂ ಕ್ಯಾಪ್ಸ್ ಲಾಕ್ ಒತ್ತಿ ಅದರ ಲೈಟ್ ಹತ್ತಿ ಆರ್ತೈತೇನು ಅಂತ ನೋಡ್ಕೊಳ್ರಿ. ಕೀಬೋರ್ಡಿನ ಲೈಟೂ ಹತ್ತಲಿಲ್ಲಂದ್ರ ಕಂಪ್ಯೂಟರೇ ಹ್ಯಾಂಗ್ ಆಗಿರಬಹುದು ಇಲ್ಲಾ ಕೀಬೋರ್ಡೂ ಕೆಟ್ಟಿರಬಹುದು, ಆಗ ಮುಂದ ಹೇಳೋದು ಯಾವುದೂ ಉಪಯೋಗ ಆಗಂಗಿಲ್ಲ.

ಇನ್ನೊಂದು ಥರಾ ಮೌಸ್ ಕೆಡೋದು ಐತಿ, ನಾ ನೋಡಿದಂಗ ಅದೇ ಭಾಳ. ಪಾಯಿಂಟರ್ ಚಂದ ಓಡ್ತೈತಿ, ಆದ್ರ ಎಡಗಡೆ ಬಟನ್ ಒಳಗಿನ ಸ್ವಿಚ್ ಸವದು ಒಂದ್ಸಲ ಒತ್ತಿದ್ರ ಎರಡು ಕ್ಲಿಕ್ ಆಗ್ತೈತಿ, ಇಲ್ಲಾ ಹಿಡಕೊಂಡು ಎಳಿಯೋವಾಗ ನಡುವ ಕೈ ಬಿಟ್ಟಂಗ ಆಗ್ತೈತಿ. ಇಂಥಾದ್ರಾಗ ಮೌಸ್ ಬಿಸಾಕೋದು ಬ್ಯಾಡ, ನಡಸೋ ಕೆಲಸ ಮೌಸಿಗೆ ಬಿಟ್ಟು ಒತ್ತೋ ಕೆಲಸ ನಂಬರ್ ಪ್ಯಾಡಿಗೆ ಕೊಡಬಹುದು. ಬಲಗೈಲೆ ಮೌಸ್ ಸರಸಿ, ಎಡಗೈಲೆ 5 ಒತ್ತೋದು. ಹೊಸಾ ಮೌಸ್ ತರೋ ತನಕ ನಾನು ಎರಡು ದಿನ ಹಿಂಗ ಕೆಲಸಾ ಮಾಡೀನಿ.

ಚಾಲೂ ಮಾಡೋದು

ಮೂರು ಕೀ ಒಮ್ಮೆಲೆ: ಎಡಗಡೆ ಆಲ್ಟ್, ಎಡಗಡೆ ಶಿಫ್ಟ್, ನಮ್ ಲಾಕ್. ಎಡಗೈ ಹೆಬ್ಬೆರಳು ಆಲ್ಟ್ ಮ್ಯಾಲ, ಕಿರುಬೆರಳು ಶಿಫ್ಟ್ ಮ್ಯಾಲ ಇಟ್ಟು ಒತ್ತಿ ಹಿಡೀರಿ, ಬಲಗೈಲೆ ನಂಬರ್ ಪ್ಯಾಡಿನ ಮ್ಯಾಲಿನ ಮೂಲ್ಯಾಗಿರೋ ನಮ್ ಲಾಕ್ ಒಂದ್ಸಲ ತಟ್ರಿ, ಆಮ್ಯಾಲ ಎಲ್ಲಾ ಬಿಡ್ರಿ. ಬಲಗಡೆ ಆಲ್ಟ್, ಬಲಗಡೆ ಶಿಫ್ಟ್ ಒತ್ತಿದ್ರ ಏನೂ ಆಗಂಗಿಲ್ಲ, ಎಡಗಡೇವೇ ಆಗಬೇಕು. Mouse Keys, ಅಂದ್ರ ನಂಬರ್ ಪ್ಯಾಡಿನಿಂದ ಪಾಯಿಂಟರ್ ನಡಸೋ ಸವಲತ್ತು, ಚಾಲೂ ಮಾಡ್ಲೇನು ಅಂತ ಕೇಳೋ ಒಂದು ಸಣ್ಣ ಡಬ್ಬಿ ಬರ್ತೈತಿ, ಅದ್ರಾಗ Yes ಮೊದ್ಲ ಸೆಲೆಕ್ಟ್ ಆಗಿರ್ತೈತಿ, ಎಂಟರ್ ಒತ್ತಿಬಿಡ್ರಿ. ಕೆಳಗ ಗಡಿಯಾರದ ಬಾಜೂ ಒಂದು ಪುಟ್ಟ ಮೌಸಿನ ಚಿತ್ರ ಬಂದು ಕುಂದ್ರತೈತಿ. ಅದು ಕಾಣಲಿಲ್ಲಂದ್ರ ಮ್ಯಾಲ ಮುಖ ಮಾಡಿದ ಬಾಣದ ಹಿಂದ ಅಡಗಿರ್ತೈತಿ.

ಮೌಸ್ ಪೂರ್ತಿ ಕಿತ್ತು ಹಾಕಿದ್ರ ಪಾಯಿಂಟರ್ ಸ್ಕ್ರೀನಿನಿಂದ ಮಾಯ ಆಗ್ಬಹುದು, ಗಾಬರಿ ಆಗ್ಬ್ಯಾಡ್ರಿ. ಯಾವ ಮೌಸೂ ಇಲ್ಲದಿದ್ರ ವಿಂಡೋಸ್ ಪಾಯಿಂಟರ್ ಮುಚ್ಚಿಡ್ತೈತಿ, Mouse Keys ಚಾಲೂ ಆದ ಕೂಡ್ಲೆ ತಿರುಗಿ ತೋರಿಸ್ತೈತಿ.

ಇಲ್ಲಿ ಎರಡು ಕಡೆ ಜನ ಎಡವ್ತಾರ. ಒಂದು, ನಮ್ ಲಾಕ್ ಬದ್ಲಿ ಪ್ರಿಂಟ್ ಸ್ಕ್ರೀನ್ ಮ್ಯಾಲ ಬೆರಳು ಬಿದ್ರ ಹೈ ಕಾಂಟ್ರಾಸ್ಟ್ ಕೇಳೋ ಡಬ್ಬಿ ಬರ್ತೈತಿ, ಎಂಟರ್ ಒತ್ತಿಬಿಟ್ರ ಸ್ಕ್ರೀನೆಲ್ಲಾ ಕರ್ರಗ ಆಗ್ತೈತಿ, ಎಡ ಆಲ್ಟ್, ಎಡ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಮತ್ತ ಒತ್ತಿದ್ರ ಸರಿ ಹೋಗ್ತೈತಿ. ಎರಡು, ಕಂಪ್ಯೂಟರಿನಾಗ ಕನ್ನಡ ಇಂಗ್ಲಿಷ್ ಎರಡೂ ಕೀಬೋರ್ಡ್ ಹಾಕ್ಕೊಂಡಿದ್ರ, ನಮ್ ಲಾಕ್ ಒತ್ತೋದ್ರೊಳಗ ಆಲ್ಟ್ ಶಿಫ್ಟ್ ಕೈ ಬಿಟ್ರ ಭಾಷೆ ಬದಲಿ ಆಗಿ ಹೋಗ್ತೈತಿ. ಆಮ್ಯಾಲ ಏನ ಟೈಪ್ ಮಾಡಿದ್ರೂ ಬ್ಯಾರೆ ಅಕ್ಷರ ಬರ್ತಾವ, ಕೀಬೋರ್ಡೂ ಕೆಟ್ಟೈತಿ ಅನಸ್ತೈತಿ. ಎಡ ಆಲ್ಟ್ ಶಿಫ್ಟ್ ಇನ್ನೊಂದ್ಸಲ ತಟ್ಟಿದ್ರ ಭಾಷೆ ವಾಪಸ್ ಬರ್ತೈತಿ.

ಮೂರು ಕೀ ಒತ್ತಿದ್ರೂ ಡಬ್ಬಿ ಬರಲಿಲ್ಲಂದ್ರ ಯಾರೋ ಆ ಶಾರ್ಟ್‌ಕಟ್ ಬಂದ್ ಮಾಡಿಟ್ಟಾರ ಅಂತ ಅರ್ಥ. ಆಗ ವಿಂಡೋಸ್ ಕೀ ಹಿಡದು ಆರ್ ಒತ್ರಿ, ಬಂದ ಡಬ್ಬ್ಯಾಗ ಇದನ್ನ ಟೈಪ್ ಮಾಡಿ ಎಂಟರ್ ಹೊಡೀರಿ:

```
ms-settings:easeofaccess-mouse
```

ಮೌಸ್ ಸೆಟ್ಟಿಂಗಿನ ಪೇಜ್ ನೆಟ್ಟಗ ತೆರೀತೈತಿ. ಟ್ಯಾಬ್ ಒತ್ತಕೋಂತ ಹೋಗ್ರಿ, ಸುತ್ತ ಗೆರಿ ಬಂದಿದ್ದ ಜಾಗದಾಗ ನೀವು ಇದ್ದೀರಿ ಅಂತ ತಿಳಕೊಳ್ರಿ, ನಂಬರ್ ಪ್ಯಾಡಿನಿಂದ ಪಾಯಿಂಟರ್ ನಡಸೋ ಸ್ವಿಚ್ ಮ್ಯಾಲ ಬಂದಾಗ ಸ್ಪೇಸ್ ಬಾರ್ ಒತ್ತಿದ್ರ ಅದು On ಆಗ್ತೈತಿ. ಟ್ಯಾಬ್ ಒತ್ತಿ ಮುಂದ ಹೋಗಿಬಿಟ್ರ ಶಿಫ್ಟ್ ಹಿಡದು ಟ್ಯಾಬ್ ಒತ್ತಿದ್ರ ಹಿಂದ ಬರಬಹುದು.

ಯಾವ ಕೀ ಏನು ಮಾಡ್ತೈತಿ

5 ನ ನಡುವ ಇಟ್ಕೊಂಡು ನೋಡಿದ್ರ ನೆನಪಿಡೋದು ಸಸಾರ. 8 ಮ್ಯಾಲ, 2 ಕೆಳಗ, 4 ಎಡಕ್ಕ, 6 ಬಲಕ್ಕ. ಮೂಲಿಗಿರೋ 7, 9, 1, 3 ಓರೆಯಾಗಿ ಆಯಾ ಮೂಲಿ ಕಡೆ ಹೋಗ್ತಾವ. ಬರೇ 5 ಅಂದ್ರ ಒಂದು ಕ್ಲಿಕ್, ಪ್ಲಸ್ ಅಂದ್ರ ಡಬಲ್ ಕ್ಲಿಕ್. ಕೀಬೋರ್ಡಿನ ಮ್ಯಾಲಿನ ಸಾಲಿನಾಗಿರೋ ಅಂಕಿ ಕೀ ಇದಕ್ಕ ನಡ್ಯಂಗಿಲ್ಲ, ಅವು ಯಾವಾಗ್ಲೂ ಅಂಕಿನ ಬರೀತಾವ, ನಂಬರ್ ಪ್ಯಾಡಿನ ಎಂಟರ್ ಸುದ್ದಾ ಎಂಟರ್ ಆಗೇ ಉಳೀತೈತಿ.

ಈಗ ಸ್ವಲ್ಪ ಲಕ್ಷ್ಯ ಕೊಡ್ರಿ, ತಪ್ಪು ಆಗೋದು ಇಲ್ಲೇ. 5 ಒತ್ತಿದಾಗ ಮೌಸಿನ ಎಡ ಬಟನ್ ಒತ್ತಿದಂಗೋ ಬಲ ಬಟನ್ ಒತ್ತಿದಂಗೋ ಅನ್ನೋದನ್ನ ಬ್ಯಾರೆ ಮೂರು ಕೀ ಠರಾವ್ ಮಾಡ್ತಾವ. ಓರೆ ಗೆರಿ ಅಂದ್ರ / ಒತ್ತಿದ್ರ ಎಡ ಬಟನ್, ಮೈನಸ್ ಒತ್ತಿದ್ರ ಬಲ ಬಟನ್, ನಕ್ಷತ್ರ ಅಂದ್ರ * ಒತ್ತಿದ್ರ ಎರಡೂ. ಈ ಮೂರೂ ತಾವಾಗೇ ಕ್ಲಿಕ್ ಮಾಡಂಗಿಲ್ಲ, ಬರೇ ಆರಿಸ್ತಾವ, ಆಮ್ಯಾಲ 5 ಒತ್ತಬೇಕು. ಒಮ್ಮೆ ಆರಿಸಿದ್ದು ಬದಲಿ ಮಾಡೋ ತನಕ ಹಂಗ ಇರ್ತೈತಿ. ಅಂದ್ರ ಕಾಪಿ ಮಾಡಾಕ ಅಂತ ಮೈನಸ್ ಒತ್ತಿ 5 ಒತ್ತಿದ್ರಿ, ಮೆನು ಬಂತು, ಕಾಪಿ ಮ್ಯಾಲ ಹೋಗಿ 5 ಒತ್ತಿದ್ರಿ, ಅಲ್ಲೀಗೆ ಕೆಲಸ ಮುಗೀತು ಅನ್ಕೊಂಡ್ರಿ, ಮುಂದ ಎಲ್ಲಿ 5 ಒತ್ತಿದ್ರೂ ಮೆನುನ ಬರಾಕ ಹತ್ತತೈತಿ. ಬಲಗಡೆ ಬಟನ್ನಿನ ಕೆಲಸ ಆದ ಕೂಡ್ಲೆ / ಒತ್ತೋದನ್ನ ಕೈಗೆ ರೂಢಿ ಮಾಡ್ರಿ. ಅನುಮಾನ ಬಂದ್ರ ಗಡಿಯಾರದ ಬಾಜೂ ಇರೋ ಪುಟ್ಟ ಮೌಸ್ ನೋಡ್ರಿ, ಯಾವ ಬಟನ್ ಆರಿಸೀರಿ ಅದು ಕಪ್ಪಾಗಿ ಇಲ್ಲಾ ಬಣ್ಣ ತುಂಬಿಕೊಂಡು ಕಾಣ್ತೈತಿ.

ಎಳಿಯೋದಕ್ಕ ಎರಡು ಕೀ. 0 ಒತ್ತಿದ್ರ ಬಟನ್ ಹಿಡಕೊಂಡು ಕುಂದ್ರತೈತಿ, ನೀವು ಕೈ ತಗದ್ರೂ ಹಿಡದಾ ಇರ್ತೈತಿ. ಬೇಕಾದ ಕಡೆ ನಡಸ್ಕೊಂಡು ಹೋಗಿ ಚುಕ್ಕಿ ಕೀ, ಅಂದ್ರ ಡಿಲೀಟ್ ಅಂತ ಬರದಿರ್ತೈತಲ್ಲ ಆ ಪಾಯಿಂಟ್ ಕೀ ಒತ್ತಿದ್ರ ಬಿಡ್ತೈತಿ. ಮೌಸಿನಾಗ ಎಳಿಯೋವಾಗ ಬೆರಳು ನೋಯೋವ್ರಿಗೆ ಸುದ್ದಾ ಇದು ಛಲೋ ಆಗ್ತೈತಿ, ಯಾಕಂದ್ರ ಹಿಡಕೊಂಡು ನಿಲ್ಲೋ ಕೆಲಸ ನಿಮ್ಮ ಬೆರಳಿಗೆ ಇರಂಗಿಲ್ಲ.

ನಮ್ ಲಾಕಿನ ಗೊಂದಲ

ಅಕೌಂಟ್ ಕೆಲಸ ಮಾಡೋವ್ರು, ದಿನಾ ನೂರಾರು ಬಿಲ್ ಅಂಕಿ ಹೊಡೆಯೋವ್ರು ಇದನ್ನ ಓದ್ಲೇಬೇಕು. Mouse Keys ಚಾಲೂ ಮಾಡಿದಾಗ ಮೊದಲಿಗೆ ಇರೋ ಪದ್ಧತಿ ಏನಂದ್ರ ನಮ್ ಲಾಕ್ ಲೈಟ್ ಹತ್ತಿದ್ರ ನಂಬರ್ ಪ್ಯಾಡ್ ಪಾಯಿಂಟರ್ ನಡಸ್ತೈತಿ, ಲೈಟ್ ಆರಿದ್ರ ಬಾಣದ ಕೀ, ಹೋಮ್, ಎಂಡ್ ಆಗ್ತಾವ. ಅಂದ್ರ ಎರಡರಾಗೂ ಅಂಕಿ ಬರಂಗಿಲ್ಲ! ಬಹಳ ಮಂದಿ ಇಲ್ಲೇ ಸಿಟ್ಟಿಗೆದ್ದು ಎಲ್ಲಾ ಬಂದ್ ಮಾಡ್ತಾರ. ಅದಕ್ಕ ಮ್ಯಾಲ ಹೇಳಿದ ಸೆಟ್ಟಿಂಗ್ ಪೇಜಿನಾಗ ನಮ್ ಲಾಕ್ ಹತ್ತಿದ್ದಾಗ ಮಾತ್ರ ನಡೀಲಿ ಅನ್ನೋ ಒಂದು ಆಯ್ಕೆ ಇರ್ತೈತಿ, ಟ್ಯಾಬ್‌ನಿಂದ ಅಲ್ಲಿಗೆ ಹೋಗಿ ಸ್ಪೇಸ್ ಒತ್ತಿ ಆ ಟಿಕ್ ತಗೀರಿ. ಈಗ ಉಲ್ಟಾ ಆಗ್ತೈತಿ, ಲೈಟ್ ಹತ್ತಿದ್ರ ಅಂಕಿ, ಲೈಟ್ ಆರಿದ್ರ ಪಾಯಿಂಟರ್. ಒಂದೇ ನಮ್ ಲಾಕ್ ಕೀಯಿಂದ ಅಂಕಿ ಹೊಡ್ಯೋದು, ಪಾಯಿಂಟರ್ ನಡಸೋದು ಎರಡೂ ಅದಲು ಬದಲು ಮಾಡಬಹುದು. ನಾನಂತೂ ಯಾವ ಕಂಪ್ಯೂಟರಿನಾಗ ಕುಂತ್ರೂ ಹಿಂಗ ಇಡೋದು, ಅದು ವಿಂಡೋಸ್‌ನವ್ರು ಮೊದಲಿಂದ ಇಟ್ಟ ಪದ್ಧತಿಗಿಂತ ಶಾಣ್ಯಾತನದ್ದು ಅಂತ ನನ್ನ ಅನಿಸಿಕೆ. ಇನ್ನ, ಕೀ ಒತ್ತಿದ್ರೂ ಪಾಯಿಂಟರ್ ಅಲಗಾಡಲಿಲ್ಲಂದ್ರ ಗಡಿಯಾರದ ಬಾಜೂ ಇರೋ ಮೌಸಿನ ಚಿತ್ರದ ಮ್ಯಾಲ ಅಡ್ಡ ಗೆರಿ ಅಥವಾ ನಿಷೇಧದ ಗುರ್ತು ಬಿದ್ದೈತೇನು ನೋಡ್ರಿ, ಬಿದ್ದಿದ್ರ ನಮ್ ಲಾಕ್ ಉಲ್ಟಾ ಐತಿ ಅಂತ, ಒಂದ್ಸಲ ತಟ್ಟಿದ್ರ ಸಾಕು.

ಲ್ಯಾಪ್‌ಟಾಪಿನಾಗ ನಂಬರ್ ಪ್ಯಾಡ್ ಇಲ್ಲಂದ್ರ ಕೆಲವದ್ರಾಗ ಅಕ್ಷರದ ಕೀ ಮ್ಯಾಲ ಸಣ್ಣ ಬಣ್ಣದ ಅಂಕಿ ಬರದಿರ್ತಾರ, ಅಂಥಾದ್ರಾಗ ಎಫ್‌ಎನ್ ಕೀ ಕೂಡ ಹಿಡೀಬೇಕಾಗ್ತೈತಿ. ಅದೂ ಇಲ್ಲಂದ್ರ ಯುಎಸ್‌ಬಿ ಕೀಬೋರ್ಡ್ ಒಂದು ಹಚ್ಚೋದು ಸರಿ, ಹಂಗ ನೋಡಿದ್ರ ಲ್ಯಾಪ್‌ಟಾಪಿಗೆ ಟಚ್‌ಪ್ಯಾಡ್ ಇದ್ದೇ ಇರ್ತೈತಿ.

ವೇಗ

ಮೊದಲ ಸಲ ಮಾಡೋವ್ರು ಇದು ಭಾಳ ನಿಧಾನ ಅಂತಾರ, ಅದು ಖರೇನ. ಕೀ ಒಂದ್ಸಲ ತಟ್ಟಿದ್ರ ಪಾಯಿಂಟರ್ ಒಂದು ಕೂದಲೆಳಿಯಷ್ಟು ಸರೀತೈತಿ, ಒತ್ತಿ ಹಿಡದ್ರ ನಿಧಾನಕ್ಕ ಸುರು ಆಗಿ ವೇಗ ಏರ್ತೈತಿ. ವಿಂಡೋಸ್ ಮೊದಲಿಗೆ ಇಟ್ಟ ಪೂರ್ಣ ವೇಗ ಸೆಕೆಂಡಿಗೆ 80 ಪಿಕ್ಸೆಲ್, ಅದನ್ನ ಮುಟ್ಟಾಕ 3 ಸೆಕೆಂಡ್ ತಗೋತೈತಿ. ನಮ್ಮ ಸೆಂಟರಿನ ಸ್ಕ್ರೀನ್ 1366 ಪಿಕ್ಸೆಲ್ ಅಗಲ ಐತಿ, ಲೆಕ್ಕಾ ಹಾಕಿದ್ರ ಈ ತುದಿಯಿಂದ ಆ ತುದಿಗೆ ಹೋಗಾಕ 17 ಸೆಕೆಂಡಿಗಿಂತ ಜಾಸ್ತಿ! ಸೆಟ್ಟಿಂಗಿನಾಗ ಸ್ಪೀಡ್ ಪೂರ್ತಿ ಏರಿಸಿದ್ರ ಸೆಕೆಂಡಿಗೆ 360 ತನಕ ಹೋಗ್ತೈತಿ, ಆ ವೇಗ ಮುಟ್ಟಿದ ಮ್ಯಾಲ ಅದೇ ದೂರ 4 ಸೆಕೆಂಡಿನ ಮಾತು. ಸೆಟ್ಟಿಂಗ್ ಪೇಜಿನಾಗ ಎರಡು ಜಾರೋ ಪಟ್ಟಿ ಇರ್ತಾವ, ಒಂದು ವೇಗಕ್ಕ, ಒಂದು ವೇಗ ಎಷ್ಟು ಲಗೂ ಏರಬೇಕು ಅನ್ನೋದಕ್ಕ, ಟ್ಯಾಬ್‌ನಿಂದ ಅದರ ಮ್ಯಾಲ ಹೋಗಿ ಬಾಣದ ಕೀಯಿಂದ ಬಲಕ್ಕ ಸರಸ್ರಿ. ವೇಗ ಪೂರ್ತಿ ಏರಿಸ್ರಿ, ಎರಡನೇದನ್ನ ಮಾತ್ರ ನಡುವ ಇಡ್ರಿ, ಅದೂ ಪೂರ್ತಿ ಆದ್ರ ಪಾಯಿಂಟರ್ ಬೇಕಾದ ಜಾಗ ದಾಟಿ ದಾಟಿ ಹೋಗ್ತೈತಿ.

ಅಲ್ಲೇ ಕಂಟ್ರೋಲ್ ಹಿಡದ್ರ ಜೋರು, ಶಿಫ್ಟ್ ಹಿಡದ್ರ ನಿಧಾನ ಅನ್ನೋ ಆಯ್ಕೆನೂ ಐತಿ, ಅದಕ್ಕ ಟಿಕ್ ಇರ್ಲಿ. ದೂರ ಹೋಗೋವಾಗ ಕಂಟ್ರೋಲ್, ಗುರಿ ಹಂತ್ಯಾಕ ಬಂದಾಗ ಶಿಫ್ಟ್. ಆದ್ರ ಶಿಫ್ಟ್ ಎಡಗಡೇದನ್ನ ಉಪಯೋಗಿಸ್ರಿ. ಬಲ ಶಿಫ್ಟ್ 8 ಸೆಕೆಂಡ್ ಹಿಡದ್ರ ಫಿಲ್ಟರ್ ಕೀ ಅನ್ನೋ ಬ್ಯಾರೆ ಸವಲತ್ತು ಚಾಲೂ ಮಾಡ್ಲೇನು ಅಂತ ಡಬ್ಬಿ ಬರ್ತೈತಿ, ಶಿಫ್ಟ್ ಪಟಪಟ 5 ಸಲ ತಟ್ಟಿದ್ರ ಸ್ಟಿಕಿ ಕೀ ಡಬ್ಬಿ ಬರ್ತೈತಿ. ಎರಡಕ್ಕೂ ಎಸ್ಕೇಪ್ ಒತ್ತಿ ಮುಂದ ಹೋಗ್ರಿ. ಅರಿಯದ ಎಂಟರ್ ಒತ್ತಿ ಫಿಲ್ಟರ್ ಕೀ ಚಾಲೂ ಆದ್ರ ಕೀ ಒತ್ತಿದ್ದೇ ಹತ್ತಂಗಿಲ್ಲ, ಹಿಡದ ಮ್ಯಾಲ ಹತ್ತತಾವ, ಕೀಬೋರ್ಡೂ ಹೋತು ಅಂತ ತಲಿ ಮ್ಯಾಲ ಕೈ ಇಟ್ಕೊಂಡು ಕುಂದ್ರತಾರ. ಬಲ ಶಿಫ್ಟ್ ಮತ್ತ 8 ಸೆಕೆಂಡ್ ಹಿಡದ್ರ ಅದು ಬಂದ್ ಆಗ್ತೈತಿ.

ಅವತ್ತಿನ ಫಾರ್ಮ್ ಹ್ಯಾಂಗ ಮುಗೀತು

ನಾ ಮೊದ್ಲ ಠರಾಯಿಸಿದ್ದು ಏನಂದ್ರ ಪಾಯಿಂಟರಿಗೆ ಕಡಿಮಿ ಕೆಲಸ ಕೊಡೋದು. ಕೀಬೋರ್ಡಿನಿಂದ ಆಗೋದನ್ನೆಲ್ಲಾ ಕೀಬೋರ್ಡಿನಿಂದನ ಮಾಡೋದು, ಆಗದ ಜಾಗಕ್ಕ ಮಾತ್ರ ಪಾಯಿಂಟರ್. ಫಾರ್ಮಿನ ಒಂದು ಖಾನಿಯಿಂದ ಇನ್ನೊಂದಕ್ಕ ಟ್ಯಾಬ್, ಜಿಲ್ಲಾ ತಾಲೂಕಾ ಆರಿಸೋ ಪಟ್ಟಿ ಬಂದಾಗ ಆಲ್ಟ್ ಹಿಡದು ಕೆಳಗಿನ ಬಾಣ ಒತ್ತಿದ್ರ ತೆರೀತೈತಿ, ಟಿಕ್ ಹಾಕೋದಕ್ಕ ಸ್ಪೇಸ್. ಪೇಜ್ ಕೆಳಗ ಸರಸಾಕ Mouse Keys‌ನಾಗ ಮೌಸಿನ ಗಾಲಿಯಂಥದ್ದು ಏನೂ ಇಲ್ಲ, ಅದಕ್ಕ ನಡುವ ಇರೋ ಪೇಜ್ ಡೌನ್ ಕೀ ಒತ್ತಬೇಕು, ನಂಬರ್ ಪ್ಯಾಡಿನ 3 ರ ಮ್ಯಾಲ ಬರದಿರೋ ಪೇಜ್ ಡೌನ್ ಅಲ್ಲ, ಅದು ಪಾಯಿಂಟರ್ ಓಡಸ್ತೈತಿ.

ಫೋಟೋ ಹಾಕೋ ಬಟನ್ ಮ್ಯಾಲ ಟ್ಯಾಬ್‌ನಿಂದ ಹೋಗಿ ಎಂಟರ್ ಒತ್ತಿದೆ, ಫೈಲ್ ಆರಿಸೋ ಕಿಟಕಿ ಬಂತು. ಅಲ್ಲಿ ಕರ್ಸರ್ ಫೈಲಿನ ಹೆಸರು ಬರಿಯೋ ಖಾನ್ಯಾಗೇ ಇರ್ತೈತಿ, ಫೋಟೋದ ಹೆಸರು ಟೈಪ್ ಮಾಡಾಕ ಸುರು ಮಾಡಿದ್ರ ಹೊಂದೋ ಹೆಸರು ಕೆಳಗ ತೋರಿಸ್ತೈತಿ, ಬಾಣದಿಂದ ಆರಿಸಿ ಎಂಟರ್. ಫೋಟೋ ಬಂತು, ಈಗ ನಿಜವಾದ ತೊಡಕು: ಫೋಟೋ ಮ್ಯಾಲ ಒಂದು ಚೌಕ ಬಿದ್ದು, ಅದರ ಮೂಲಿ ಹಿಡದು ಎಳದು ಮುಖ ಮಾತ್ರ ಬರೂವಂಗ ಕತ್ತರಿಸ್ರಿ ಅಂತು. ಇದನ್ನ ಟ್ಯಾಬಿನಿಂದ ಮಾಡಾಕ ಬರಂಗಿಲ್ಲ.

ಕಾಕಾ ಹಿಂದ ನಿಂತು "ತಮ್ಮಾ, ಆಗ್ತೈತೇನೋ? ಇಲ್ಲಾಂದ್ರ ನಾಳೆ ಬರ್ತೀವಿ" ಅಂದ್ರು. "ನಾಳೆ ಬಂದ್ರ ಫಾರ್ಮೇ ಇರಂಗಿಲ್ಲ ಕಾಕಾ, ಹತ್ತು ನಿಮಿಷ ಕುಂದ್ರಿ" ಅಂದೆ.

ಚೌಕ ಮುಖಕ್ಕಿಂತ ದೊಡ್ಡದಿತ್ತು, ಕೆಳಗಿನ ಬಲ ಮೂಲಿ ಒಳಗ ಬರಬೇಕಾಗಿತ್ತು. ಮೊದ್ಲ / ಒತ್ತಿ ಎಡ ಬಟನ್ ಆರಿಸ್ಕೊಂಡೆ. ಕಂಟ್ರೋಲ್ ಹಿಡದು 6, ಆಮ್ಯಾಲ 2 ಒತ್ತಿ ಪಾಯಿಂಟರನ್ನ ಆ ಮೂಲಿ ಹಂತ್ಯಾಕ ಒಯ್ದೆ. ಅಲ್ಲಿಂದ ಕಂಟ್ರೋಲ್ ಬಿಟ್ಟು ಒಂದೊಂದ ಸಲ ತಟ್ಟಕೋಂತ ಹೋದೆ. ಮೂಲಿ ಸಿಕ್ತೋ ಇಲ್ಲೋ ಅಂತ ಗೊತ್ತಾಗೋದು ಪಾಯಿಂಟರಿನ ರೂಪದಿಂದ, ಬಾಣ ಹೋಗಿ ಎರಡೂ ಕಡೆ ಮೊನಿ ಇರೋ ಓರೆ ಬಾಣ ಆಗ್ತೈತಿ. ಹಂಗ ಆಗೋದ್ರೊಳಗ 0 ಒತ್ತಿದ್ರ ಚೌಕನ ಪೂರ್ತಿ ಜಾಗ ಬಿಟ್ಟು ಸರೀತೈತಿ ಇಲ್ಲಾ ಹೊಸಾ ಚೌಕ ಸುರು ಆಗ್ತೈತಿ. ಓರೆ ಬಾಣ ಬಂತು, 0 ಒತ್ತಿದೆ, 7 ಹಿಡದು ಮ್ಯಾಲ ಎಡಕ್ಕ ಓರೆಯಾಗಿ ಚೌಕ ಸಣ್ಣ ಮಾಡಕೋಂತ ಬಂದೆ, ಗದ್ದದ ಕೆಳಗ ಒಂದು ಬೆರಳು ಜಾಗ ಉಳದಾಗ ನಿಲ್ಲಿಸಿ ಚುಕ್ಕಿ ಕೀ ಒತ್ತಿದೆ. ಬಿಡ್ತು.

ಚೌಕ ಸ್ವಲ್ಪ ಎಡಕ್ಕ ಉಳದಿತ್ತು. ಅದನ್ನ ಸರಸಾಕ ಪಾಯಿಂಟರ್ ಚೌಕದ ನಡುವ ತಂದು 0 ಒತ್ತಿ, 6 ನ್ನ ಒಂದೊಂದ ಸಲ ತಟ್ಟಿ, ಮುಖ ನಟ್ಟನಡುವ ಬಂದ ಮ್ಯಾಲ ಚುಕ್ಕಿ. ಇಲ್ಲೊಂದು ಮಾತು ಹೇಳ್ಬೇಕು, ಕೈಲೆ ಮೌಸ್ ಹಿಡದಾಗ ಬಟನ್ ಬಿಡೋ ಹೊತ್ತಿಗೆ ಒಂದು ಕೂದಲೆಳಿ ಅಲಗಾಡೇ ಅಲಗಾಡ್ತೈತಿ, ಇಲ್ಲಿ ಚುಕ್ಕಿ ಕೀ ಒತ್ತಿದಾಗ ಪಾಯಿಂಟರ್ ಎಳ್ಳಷ್ಟೂ ಸರಿಯಂಗಿಲ್ಲ. ಫೋಟೋ ಅಷ್ಟು ನೇರ್ಪಾಗಿ ನಾ ಮೌಸಿನಾಗೂ ಯಾವತ್ತೂ ಕತ್ತರಿಸಿಲ್ಲ. ಅದಕ್ಕ ಈಗ ಮೌಸ್ ಛಲೋ ಇದ್ದಾಗೂ ಸಹಿ ಕತ್ತರಿಸೋದು, ಲಗ್ನಪತ್ರಿಕಿ ಒಳಗ ಚಿತ್ರ ಕುಂದ್ರಸೋದು ಇಂಥಾ ಸಣ್ಣ ಕೆಲಸಕ್ಕ ನಂಬರ್ ಪ್ಯಾಡ್ ಹಿಡೀತೀನಿ.

ಸಹಿಯ ಚಿತ್ರ ಕತ್ತರಿಸೋವಾಗ ಮಾತ್ರ ಒಂದು ಎಡವಟ್ಟಾತು. 0 ಒತ್ತೋ ಭರದಾಗ ಬೆರಳು ಮ್ಯಾಲಿನ ಮೈನಸಿಗೆ ತಾಗಿದ್ದು ನನಗ ಗೊತ್ತಾಗಿರಲಿಲ್ಲ, 0 ಒತ್ತಿ ಎಳದೆ, ಚೌಕ ಹಂದಲಿಲ್ಲ, ಚುಕ್ಕಿ ಒತ್ತಿದ ಕೂಡ್ಲೆ ಒಂದು ಉದ್ದನ್ನ ಮೆನು ಬಂತು. ಅಂದ್ರ ಬಲ ಬಟನ್ ಹಿಡದು ಎಳದಿದ್ದೆ. ಎಸ್ಕೇಪ್ ಒತ್ತಿ ಮೆನು ತಗದು, / ಒತ್ತಿ, ಮೊದಲಿಂದ ಮಾಡಿದೆ. ನಿಮಗೂ ಎಳದದ್ದು ಬರಲಿಲ್ಲಂದ್ರ ಮೊದ್ಲ ನೋಡಬೇಕಾದ್ದು ಇದನ್ನ. ಎರಡನೇ ಕಾರಣ ಚುಕ್ಕಿ ಒತ್ತೋದು ಮರ್ತಿರ್ತೀರಿ, ಆಗ ಪಾಯಿಂಟರ್ ಎಲ್ಲಿ ಹೋದ್ರೂ ಏನಾದ್ರೂ ಅಂಟಿಕೊಂಡು ಬರ್ತೈತಿ ಇಲ್ಲಾ ಅಕ್ಷರ ಎಲ್ಲಾ ನೀಲಿ ಆಗ್ಕೋಂತ ಹೋಗ್ತಾವ, ಚುಕ್ಕಿ ಒಂದ್ಸಲ ಒತ್ತಿದ್ರ ನಿಲ್ತೈತಿ.

ಸಲ್ಲಿಸೋ ಬಟನ್ ಮ್ಯಾಲ ಟ್ಯಾಬಿನಿಂದ ಹೋಗಿ ಎಂಟರ್ ಒತ್ತಿದಾಗ ಒಂಬತ್ತಕ್ಕ ಹತ್ತು ನಿಮಿಷ ಕಡಿಮಿ ಇತ್ತು. ಕಂಟ್ರೋಲ್ ಹಿಡದು ಪಿ ಒತ್ತಿ ರಸೀದಿ ಪ್ರಿಂಟ್ ತಗದು ಆ ಹುಡುಗಿ ಕೈಯಾಗ ಕೊಟ್ಟೆ. "ಅಣ್ಣಾ, ನಮ್ಮ ಕಾಲೇಜ್ ಲ್ಯಾಬಿನಾಗೂ ಅರ್ಧಾ ಮೌಸ್ ನಡ್ಯಂಗಿಲ್ರಿ, ಆ ಮೂರು ಕೀ ಯಾವು ಇನ್ನೊಮ್ಮೆ ಹೇಳ್ರಿ" ಅಂದ್ಲು, ರಸೀದಿ ಹಿಂದನ ಬರಕೊಂಡು ಹೋದ್ಲು.

ಬಂದ್ ಮಾಡೋದು

ಹೊಸಾ ಮೌಸ್ ಬಂದ ಮ್ಯಾಲ ಅದೇ ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಮತ್ತೊಮ್ಮೆ ಒತ್ರಿ, ಈ ಸಲ ಯಾವ ಡಬ್ಬಿನೂ ಕೇಳಂಗಿಲ್ಲ, ಗಡಿಯಾರದ ಬಾಜೂ ಇದ್ದ ಮೌಸ್ ಚಿತ್ರ ಹೋಗ್ತೈತಿ. ಇದನ್ನ ಮರೀಬ್ಯಾಡ್ರಿ, ಯಾಕಂದ್ರ ಮರ್ತು ಮನಿಗೆ ಹೋದ್ರ ಮರುದಿನ ಬೆಳಿಗ್ಗೆ ಆ ಕಂಪ್ಯೂಟರಿಗೆ ಕುಂತವರಿಗೆ ನಂಬರ್ ಪ್ಯಾಡಿನಾಗ ಅಂಕಿ ಬರಂಗಿಲ್ಲ, ಅವರು ಕೀಬೋರ್ಡ್ ಕೆಟ್ಟೈತಿ ಅಂತ ಹೊಸಾದು ತರಾಕ ಹೋಗ್ತಾರ. ಟಿಕ್ ತಗದು ನಮ್ ಲಾಕ್ ಉಲ್ಟಾ ಮಾಡಿಟ್ಟಿದ್ರ ಅದು ಹಂಗ ಉಳೀತೈತಿ, ಮುಂದಿನ ಸಲ ಮೂರು ಕೀ ಒತ್ತಿದಾಗ ನಿಮ್ಮ ವೇಗ, ನಿಮ್ಮ ನಮ್ ಲಾಕ್ ಪದ್ಧತಿ ಎಲ್ಲಾ ಇಟ್ಟಂಗ ಸಿಗ್ತಾವ.